ಹಸಿರು ದೀಪವಲ್ಲ, ಸಿರಿಂಜಿನ ಗೀಟು

ಗಂಟಲ ಕ್ಯಾನ್ಸರ್‌ನಿಂದ ನರಳುವ ಅಜ್ಜಿಯೊಬ್ಬರಿಗೆ ಇನ್ನು ಮಾತ್ರೆ ನುಂಗಲಾಗುತ್ತಿಲ್ಲ ಎಂದಿಟ್ಟುಕೊಳ್ಳೋಣ. ಈವರೆಗೆ ನಾಲ್ಕು ಗಂಟೆಗೊಮ್ಮೆ 10 ಮಿ.ಗ್ರಾಂ.ನಂತೆ ದಿನಕ್ಕೆ 60 ಮಿ.ಗ್ರಾಂ. ಮಾರ್ಫಿನ್ ನುಂಗುತ್ತಿದ್ದರು. ಚರ್ಮದಡಿಗೆ ಕೊಡುವಾಗ ಅದರ ಅರ್ಧ, 30 ಮಿ.ಗ್ರಾಂ. ಸಾಕು. ಅದನ್ನು ಇಪ್ಪತ್ತನಾಲ್ಕು ತಾಸಿಗೆ ಹರಡಿ ನಿಧಾನವಾಗಿ ತಳ್ಳುವ, ದಿಂಬಿನ ಪಕ್ಕದಲ್ಲೇ ಇಡಬಹುದಾದ ಬ್ಯಾಟರಿ ಯಂತ್ರವೇ ಸಿರಿಂಜ್ ಡ್ರೈವರ್.

ವೈದ್ಯರು ಬರೆದುಕೊಟ್ಟಂತೆ ನರ್ಸ್ 20 ಎಂ.ಎಲ್. ಸಿರಿಂಜಿಗೆ ಮಾರ್ಫಿನ್ 2 ಎಂ.ಎಲ್., ವಾಂತಿ ತಡೆಯುವ ಮೆಟೊಕ್ಲೋಪ್ರಮೈಡ್ 6 ಎಂ.ಎಲ್., ಇಂಜೆಕ್ಷನ್ ನೀರು 10 ಎಂ.ಎಲ್. ಎಳೆದುಕೊಳ್ಳುತ್ತಾರೆ. ಒಟ್ಟು 18. ಅದು ತಿಳಿಯಾಗಿರಬೇಕು, ಮಬ್ಬಾದರೆ, ಹರಳು ಕಂಡರೆ ಚೆಲ್ಲಿಬಿಡಬೇಕು. ಔಷಧಿ, ಪ್ರಮಾಣ, ಹೊತ್ತು ಬರೆದ ಚೀಟಿಯನ್ನು ಸಿರಿಂಜಿಗೆ ಅಂಟಿಸಬೇಕು, ಗೀಟುಗಳು ಮುಚ್ಚಿಹೋಗದಂತೆ. ತೆಳು ಟ್ಯೂಬಿನ ಗಾಳಿ ಹೊರಹಾಕುವಾಗ ಸುಮಾರು 1 ಎಂ.ಎಲ್. ಟ್ಯೂಬಿನಲ್ಲೇ ಉಳಿಯುತ್ತದೆ. ಹಾಗಾಗಿ ಬೆಳಗ್ಗೆ 10ಕ್ಕೆ ಯಂತ್ರ ಶುರುವಾಗುವಾಗ ಸಿರಿಂಜಿನಲ್ಲಿರುವುದು 17.

ಸಣ್ಣ ಸೂಜಿಯನ್ನು ಎದೆಯ ಮೇಲ್ಭಾಗಕ್ಕೋ ತೋಳಿಗೋ ಚುಚ್ಚಿ, ಪಾರದರ್ಶಕ ಅಂಟುಪಟ್ಟಿ ಹಾಕುತ್ತಾರೆ. ಬಾವು ಬಂದ ಜಾಗ ಬೇಡ, ಅಲ್ಲಿ ಔಷಧಿ ಸರಿಯಾಗಿ ಹೀರುವುದಿಲ್ಲ. ಡ್ರೈವರ್‌ನ ಔಷಧಿ ಮೈಗೆ ಹತ್ತಲು ಕೆಲವು ತಾಸು ಬೇಕು. ಅಷ್ಟರಲ್ಲಿ ಅಜ್ಜಿ ನೋವಿನಲ್ಲಿ ಕಾಯುವಂತಾಗಬಾರದೆಂದು ವೈದ್ಯರು ಮೊದಲೇ 5 ಮಿ.ಗ್ರಾಂ. ಒಂದು ಇಂಜೆಕ್ಷನ್ ಹೇಳಿರುತ್ತಾರೆ.

ಮನೆಯವರು ದೀಪ ಮಿನುಗುತ್ತಿದೆ ಎಂದು ಸಮಾಧಾನಪಟ್ಟು ಮಲಗುವುದೇ ನನಗೆ ಹೆಚ್ಚು ಆತಂಕ ತರುವ ಸಂಗತಿ. ಯಂತ್ರ ಓಡುತ್ತಿದೆ ಎಂದಷ್ಟೇ ಆ ದೀಪ ಹೇಳುತ್ತದೆ. ಗಂಟೆಗೆ 0.75 ಎಂ.ಎಲ್. ಲೆಕ್ಕದಲ್ಲಿ ಮಧ್ಯಾಹ್ನ 2ಕ್ಕೆ 14, ಸಂಜೆ 6ಕ್ಕೆ 11, ರಾತ್ರಿ 10ಕ್ಕೆ 8 ಉಳಿದಿರಬೇಕು. ಈ ನಾಲ್ಕು ಸಾಲನ್ನು ಬರೆದು ಗೋಡೆಗೆ ಅಂಟಿಸಿ.

ರಾತ್ರಿ 10ಕ್ಕೆ 10 ಎಂ.ಎಲ್. ಇದ್ದರೆ? ಎಲ್ಲೋ ತಡೆಯಾಗಿದೆ. ಇಷ್ಟು ನಿಧಾನದ ಹರಿವಿನಲ್ಲಿ ಒತ್ತಡ ಏರಲು ತುಂಬ ಹೊತ್ತು ಬೇಕು, ಆದ್ದರಿಂದ ಅಲಾರಂ ಕೂಗುವ ಮೊದಲೇ ನೋವು ಮರಳಿರುತ್ತದೆ. ಕ್ಲಿಪ್ ಮುಚ್ಚಿದೆಯೇ, ಟ್ಯೂಬ್ ಅಜ್ಜಿಯ ಮೈಯಡಿ ಸಿಕ್ಕಿದೆಯೇ ನೋಡಿ, ಸೂಜಿಯ ಸುತ್ತ ಮುಟ್ಟಿ. ಕೆಂಪಾಗಿ ಗಟ್ಟಿಯಾಗಿದ್ದರೆ ಜಾಗ ಬದಲಿಸಲು ನರ್ಸ್ ಬರಬೇಕು. ಹಿಂದೆ ಬಿದ್ದ ಔಷಧಿಯನ್ನು ಸರಿತೂಗಿಸಲು ಪಿಸ್ಟನ್ ಒತ್ತಲೇಬೇಡಿ.

ಅದೇ ಹೊತ್ತಿಗೆ 4 ಎಂ.ಎಲ್. ಮಾತ್ರ ಉಳಿದಿದ್ದರೆ ಔಷಧಿ ವೇಗವಾಗಿ ಹೋಗಿದೆ. ಸಿರಿಂಜ್ ಯಂತ್ರದಲ್ಲಿ ಸರಿಯಾಗಿ ಕೂತಿಲ್ಲದಿದ್ದರೂ ಹೀಗಾಗಬಹುದು. ಮೊದಲು ಟ್ಯೂಬಿನ ಕ್ಲಿಪ್ ಮುಚ್ಚಿ, ಯಂತ್ರ ನಿಲ್ಲಿಸಿ, ಕೂಡಲೇ ಫೋನ್ ಮಾಡಿ. ಕರೆದರೆ ಅಜ್ಜಿ ಕಣ್ಣು ಬಿಡುತ್ತಾರೆಯೇ, ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಿದ್ದಾರೆ ಎಂದು ಅತ್ತಲಿಂದ ಕೇಳುತ್ತಾರೆ. ಗಡಿಯಾರ ನೋಡಿ ಎಣಿಸಿ ಹೇಳಿ.