ಪಾಸ್‌ವರ್ಡ್ ಬದಲಾಯಿತು, ಗೀಸರ್‌ ಪ್ಲಗ್ ಆಫ್‌ಲೈನ್ ಆಯಿತು

ಮೈಸೂರಿನಲ್ಲಿ ವಯಸ್ಸಾದ ತಂದೆ ತಾಯಿ, ಬೆಂಗಳೂರಿನಲ್ಲಿ ಮಗ. ಗೀಸರ್‌ಗೆ ಸ್ಮಾರ್ಟ್ ಪ್ಲಗ್, ಹಾಲ್‌ಗೆ ಸ್ಮಾರ್ಟ್ ಬಲ್ಬ್ ಹಾಕಿಕೊಟ್ಟವನು ಮಗನೇ. ಒಂದು ದಿನ ಮನೆಯ ವೈಫೈ ಪಾಸ್‌ವರ್ಡ್ ಬದಲಾಗುತ್ತದೆ. ಎಲ್ಲರ ಫೋನೂ ಹೊಸ ಪಾಸ್‌ವರ್ಡ್ ಕೇಳಿ ಸೇರಿಕೊಳ್ಳುತ್ತವೆ. ಪ್ಲಗ್ ಮತ್ತು ಬಲ್ಬ್ ಮಾತ್ರ ಆ್ಯಪ್‌ನಲ್ಲಿ ಆಫ್‌ಲೈನ್ ಎಂದೇ ತೋರಿಸುತ್ತವೆ. ಇಂಥ ಸಂದರ್ಭ ಈಗ ಬಹಳ ಮನೆಗಳಲ್ಲಿ ಬರುತ್ತಿದೆ.

ಫೋನ್‌ಗೆ ಪರದೆ ಇದೆ, ಅದು ಪಾಸ್‌ವರ್ಡ್ ಕೇಳಬಲ್ಲದು. ಪ್ಲಗ್‌ಗೆ ಕೇಳುವ ದಾರಿಯೇ ಇಲ್ಲ. ಮೊದಲ ದಿನ ಹೇಳಿಕೊಟ್ಟ ವೈಫೈ ಹೆಸರು ಮತ್ತು ಪಾಸ್‌ವರ್ಡ್ ಅದರ ಚಿಪ್‌ನಲ್ಲಿ ಉಳಿದಿರುತ್ತವೆ. ಅದು ಹಳೆಯ ಪಾಸ್‌ವರ್ಡನ್ನೇ ಹಿಡಿದು ರೂಟರ್‌ನ ಬಾಗಿಲು ಬಡಿಯುತ್ತಲೇ ಇರುತ್ತದೆ, ರೂಟರ್ ಒಳಗೆ ಬಿಡುವುದಿಲ್ಲ. ಪ್ಲಗ್ ಕೆಟ್ಟಿಲ್ಲ. ಅದರ ಮೇಲಿನ ಗುಂಡಿ ಒತ್ತಿದರೆ ಗೀಸರ್ ಎಂದಿನಂತೆ ಆನ್, ಆಫ್ ಆಗುತ್ತದೆ. ಆದರೆ ಆ್ಯಪ್‌ನಿಂದ ಆಫ್ ಮಾಡಲು ಆಗುವುದಿಲ್ಲ. ಆದ್ದರಿಂದ ಮೊದಲು ಗೀಸರ್ ಆನ್ ಆಗಿ ಉಳಿದಿಲ್ಲ ಎಂಬುದನ್ನು ಕೈಯಾರೆ ನೋಡಿಕೊಳ್ಳಿ.

ಕಾರಣ ಪಾಸ್‌ವರ್ಡೇ ಎಂದು ಗುರುತಿಸುವುದು ಸುಲಭ. ಮನೆಯ ಎಲ್ಲ ಸ್ಮಾರ್ಟ್ ಸಾಧನಗಳೂ ಒಂದೇ ಹೊತ್ತಿಗೆ ಆಫ್‌ಲೈನ್ ಆಗಿದ್ದು, ಫೋನ್‌ನಲ್ಲಿ ಇಂಟರ್ನೆಟ್ ಸರಿಯಾಗಿದ್ದರೆ ಕಾರಣ ಬಹುತೇಕ ಅದೇ. ಒಂದು ಬಲ್ಬ್ ಮಾತ್ರ ಹೋಗಿದ್ದರೆ ಯಾರೋ ಗೋಡೆಯ ಸ್ವಿಚ್ ಆರಿಸಿರಬಹುದು.

ಇಲ್ಲಿ ಹೆಚ್ಚಿನವರು ಅವಸರಪಟ್ಟು ಆ್ಯಪ್‌ನಲ್ಲಿರುವ ಹಳೆಯ ಪ್ಲಗ್ ಅನ್ನು ಅಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದರ ಜೊತೆಗೆ ಇಟ್ಟ ಹೆಸರು, ಬೆಳಗಿನ ಗೀಸರ್ ವೇಳಾಪಟ್ಟಿ ಎಲ್ಲ ಹೋಗಬಹುದು. ಪ್ಲಗ್ ಮರೆಯಬೇಕಾದದ್ದು ವೈಫೈ ವಿವರವನ್ನು ಮಾತ್ರ.

ಟಾಪೊ ಪ್ಲಗ್‌ನ ಉದಾಹರಣೆ ನೋಡಿ. ಗುಂಡಿಯನ್ನು ಸುಮಾರು 5 ಸೆಕೆಂಡ್ ಒತ್ತಿ ಹಿಡಿದರೆ ಅದರ ಪುಟ್ಟ ದೀಪ ಎರಡು ಬಣ್ಣಗಳಲ್ಲಿ ಸರದಿಯಂತೆ ಮಿನುಗುತ್ತದೆ. ಆಗ ವೈಫೈ ವಿವರ ಮಾತ್ರ ಅಳಿಸುತ್ತದೆ, ಉಳಿದ ಸೆಟ್ಟಿಂಗ್ ಹಾಗೇ ಇರುತ್ತದೆ. ಸುಮಾರು 10 ಸೆಕೆಂಡ್ ಹಿಡಿದರೆ ದೀಪ ಕಿತ್ತಳೆ ಬಣ್ಣದಲ್ಲಿ ಬೇಗ ಬೇಗ ಮಿನುಗಿ ಎಲ್ಲವೂ ಅಳಿಸಿಹೋಗುತ್ತದೆ. ದೀಪದ ಮೇಲೆ ಕಣ್ಣಿಟ್ಟು ಬೆರಳು ತೆಗೆಯಿರಿ. ಅದೇ ಕಂಪನಿಯ ಬಲ್ಬ್‌ಗೆ ಗುಂಡಿ ಇಲ್ಲ. ಗೋಡೆಯ ಸ್ವಿಚ್ಚನ್ನೇ ಮೂರು ಸಲ ಆರಿಸಿ ಹಚ್ಚಿದರೆ ವೈಫೈ ಮಾತ್ರ ಹೋಗುತ್ತದೆ, ಐದು ಸಲವಾದರೆ ಎಲ್ಲವೂ. ಬೇರೆ ಕಂಪನಿಗಳ ಲೆಕ್ಕ ಬೇರೆ, ಅವರ ಕೈಪಿಡಿ ನೋಡಿ. ಪ್ಲಗ್‌ಗೆ ಇದನ್ನು ಮಾಡುವ ಮೊದಲು ಗೀಸರ್‌ನ ಪಿನ್ ತೆಗೆದಿಡುವುದು ಒಳ್ಳೆಯದು.

ದೀಪ ಮಿನುಗುತ್ತಿರುವಾಗ ಆ್ಯಪ್‌ನಲ್ಲಿ ಪ್ಲಸ್ ಗುರುತು ಒತ್ತಿ ಪ್ಲಗ್ ಆರಿಸಿಕೊಳ್ಳಿ. ಕೆಲವು ಮಾದರಿಗಳು ಬ್ಲೂಟೂತ್‌ನಲ್ಲಿ ಸಿಗುತ್ತವೆ. ಇನ್ನು ಕೆಲವು ತಾವೇ ಒಂದು ಚಿಕ್ಕ ವೈಫೈ ಹರಡುತ್ತವೆ, ಫೋನ್ ಅದನ್ನು ಸೇರಬೇಕು. ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ ಎಂದು ಫೋನ್ ಎಚ್ಚರಿಸಿದರೂ ಅದರಲ್ಲೇ ಉಳಿಯಿರಿ. ಫೋನ್ ಮೊಬೈಲ್ ಡೇಟಾಗೆ ಜಾರಿದರೆ ಕೆಲಸ ನಡುವೆಯೇ ನಿಲ್ಲುತ್ತದೆ, ಆದ್ದರಿಂದ ಡೇಟಾ ಆಫ್ ಮಾಡಿ. ಆ್ಯಪ್ ಕೇಳುವ ಲೊಕೇಶನ್ ಅನುಮತಿಯನ್ನೂ ಕೊಡಿ, ಇಲ್ಲವಾದರೆ ಆಂಡ್ರಾಯ್ಡ್ ಫೋನ್‌ಗಳಲ್ಲಿ ಹತ್ತಿರದ ಪ್ಲಗ್ ಕಾಣದೆ ಹೋಗಬಹುದು. ಬಳಿಕ ಮನೆಯ ವೈಫೈ ಹೆಸರು ಆರಿಸಿ ಹೊಸ ಪಾಸ್‌ವರ್ಡ್ ಬರೆಯಿರಿ. ದೊಡ್ಡಕ್ಷರ ಚಿಕ್ಕಕ್ಷರ ತಪ್ಪಿದರೂ ಸೇರುವುದಿಲ್ಲ.

ಪಾಸ್‌ವರ್ಡ್ ಸರಿಯಿದ್ದೂ ಸೇರದಿದ್ದರೆ ರೂಟರ್ ಕಡೆ ನೋಡಿ. ಇಂಥ ಪ್ಲಗ್‌ಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಹೊಸ ಸೆಟ್ಟಿಂಗ್‌ನಲ್ಲಿ ಡಬ್ಲ್ಯುಪಿಎ3 ಮಾತ್ರ ಎಂದು ಹಾಕಿದ್ದರೆ ಹಳೆಯ ಪ್ಲಗ್‌ಗಳು ಒಳಬರಲಾರವು, ಡಬ್ಲ್ಯುಪಿಎ2 ಕೂಡ ಇರಲಿ.

ಮೈಸೂರಿನ ಮನೆಗೆ ಇನ್ನೊಂದು ತೊಡಕಿದೆ. ಪ್ಲಗ್ ಇರುವುದು ಮಗನ ಖಾತೆಯಲ್ಲಿ. ಆದರೆ ಈ ಕೆಲಸ ಆಗಬೇಕಾದದ್ದು ಪ್ಲಗ್‌ನ ಪಕ್ಕದಲ್ಲಿ, ಬೆಂಗಳೂರಿನಿಂದ ಆಗದು. ಅಪ್ಪ ತಮ್ಮ ಹೆಸರಿನ ಹೊಸ ಖಾತೆಯಿಂದ ಸೇರಿಸಲು ಹೋದರೆ ಹಳೆಯ ವೇಳಾಪಟ್ಟಿ ಸಿಗುವುದಿಲ್ಲ, ಕೆಲವು ಆ್ಯಪ್‌ಗಳು ಬೇರೊಬ್ಬರ ಖಾತೆಯಲ್ಲಿದೆ ಎಂದು ನಿರಾಕರಿಸುತ್ತವೆ. ಅಪ್ಪನ ಫೋನ್‌ನಲ್ಲಿ ಮಗನ ಖಾತೆಯಿಂದಲೇ ಲಾಗಿನ್ ಆಗಿ, ಮಗ ತನಗೆ ಬಂದ ಕೋಡ್ ಅನ್ನು ಫೋನ್‌ನಲ್ಲೇ ಹೇಳಿದರೆ ಕೆಲಸ ಸಲೀಸು.

ಮುಂದಿನ ಸಲ ಇದೆಲ್ಲ ಬೇಡವೆಂದರೆ ರೂಟರ್‌ನಲ್ಲಿ 2.4 ಗಿಗಾಹರ್ಟ್ಸ್‌ನ ಗೆಸ್ಟ್ ನೆಟ್‌ವರ್ಕ್ ತೆರೆದು, ಅದಕ್ಕೆ ಬೇರೆ ಪಾಸ್‌ವರ್ಡ್ ಕೊಟ್ಟು ಪ್ಲಗ್, ಬಲ್ಬ್‌ಗಳನ್ನು ಅದಕ್ಕೇ ಸೇರಿಸಿಡಿ. ಆ ಪಾಸ್‌ವರ್ಡನ್ನು ಯಾರಿಗೂ ಕೊಡಬೇಡಿ. ಆಗ ಮನೆಯ ಮುಖ್ಯ ಪಾಸ್‌ವರ್ಡ್ ಎಷ್ಟು ಸಲ ಬದಲಾಯಿಸಿದರೂ ಗೀಸರ್‌ ಪ್ಲಗ್ ಆಫ್‌ಲೈನ್ ಆಗುವುದಿಲ್ಲ.