ರೋಧ-ಧಾರಕ ಸಂಯೋಜಿತ ವರ್ಧಕದ ಎರಡು ಮೇರೆಗಳು

ಒಂದು ವಾಲ್ವಿನಿಂದ ಮತ್ತೊಂದಕ್ಕೆ ಧ್ವನಿಸಂಕೇತವನ್ನು ರೋಧ ಮತ್ತು ಧಾರಕಗಳ ಮೂಲಕ ಸಾಗಿಸುವ ವರ್ಧಕವು ಎಲ್ಲ ಆವರ್ತಾಂಕಗಳನ್ನೂ ಸಮನಾಗಿ ವರ್ಧಿಸುವುದಿಲ್ಲ. ನಡುವಣ ಆವರ್ತಾಂಕಗಳಲ್ಲಿ ಸ್ಥಿರವಾಗಿರುವ ವರ್ಧನೆಯು ಎರಡು ಕೊನೆಗಳಲ್ಲಿಯೂ ಕುಗ್ಗುವುದು. ಅದು ನಡುವಣ ಬೆಲೆಯ ನೂರಕ್ಕೆ 70.7ರಷ್ಟಾಗುವ, ಎಂದರೆ ಶಕ್ತಿಯು ಅರ್ಧವಾಗುವ, ಎರಡು ಆವರ್ತಾಂಕಗಳಿಗೆ ಕೆಳಮೇರೆ, ಮೇಲ್ಮೇರೆ ಎಂದು ಹೆಸರಿಡಬಹುದು. ಎರಡಕ್ಕೂ ಧಾರಕವೇ ಕಾರಣ. ಆದರೆ ಒಂದು ಧಾರಕವು ನಕ್ಷೆಯಲ್ಲಿ ಬರೆದದ್ದು, ಇನ್ನೊಂದು ನಕ್ಷೆಯಲ್ಲಿ ಕಾಣದ್ದು.

12ಎಎಕ್ಸ್7 ಎಂಬ ವಾಲ್ವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ವರ್ಧನಾಂಕವು 100, ಆಂತರಿಕ ರೋಧವು ಸುಮಾರು 62,500 ಓಮ್. ಪ್ಲೇಟಿನ ರೋಧ 1,00,000 ಓಮ್, ಮುಂದಿನ ವಾಲ್ವಿನ ಗ್ರಿಡ್ ರೋಧ 4,70,000 ಓಮ್, ಇವುಗಳ ನಡುವಣ ಧಾರಕ 0.01 ಮೈಕ್ರೊಫ್ಯಾರಡ್ ಇರಲಿ. ಕ್ಯಾಥೋಡಿನ ಧಾರಕವು ಸಾಕಷ್ಟು ದೊಡ್ಡದಿರಲಿ. ಆಗ ನಡುವಣ ವರ್ಧನೆಯು ಸುಮಾರು 57.

ಆವರ್ತಾಂಕವು ತಗ್ಗಿದಂತೆ ನಡುವಣ ಧಾರಕದ ಅಡಚಣೆಯು ಹೆಚ್ಚಿ, ಗ್ರಿಡ್ಡಿಗೆ ತಲಪಬೇಕಾದ ವೋಲ್ಟೇಜಿನ ಭಾಗವು ಅದರಲ್ಲಿಯೇ ನಿಲ್ಲುವುದು. ಈ ಧಾರಕಕ್ಕೆ ಕಾಣುವ ರೋಧವಾದರೋ, ವಾಲ್ವು ಮತ್ತು ಪ್ಲೇಟಿನ ರೋಧಗಳು ಸಮಾನಾಂತರವಾಗಿ ಕೂಡಿದ 38,500 ಓಮಿಗೆ ಗ್ರಿಡ್ ರೋಧವನ್ನು ಸೇರಿಸಿದಷ್ಟು, ಎಂದರೆ 5,08,500 ಓಮ್. f = 1/(2πRC) ಎಂಬ ಸೂತ್ರದಿಂದ ಕೆಳಮೇರೆಯು ಸುಮಾರು 31 ಹರ್ಟ್ಸ್ ಎಂದು ತಿಳಿಯುವುದು. ಧಾರಕವನ್ನು ಹತ್ತು ಮಡಿ ಮಾಡಿದರೆ ಮೇರೆಯು 3 ಹರ್ಟ್ಸಿಗೆ ಇಳಿಯುವುದು. ಆದರೆ ದೊಡ್ಡ ಧಾರಕದಲ್ಲಿ ಸಾಮಾನ್ಯವಾಗಿ ಸೋರಿಕೆಯೂ ಹೆಚ್ಚು. ಪ್ಲೇಟಿನ ಧನ ವೋಲ್ಟೇಜು ಗ್ರಿಡ್ಡಿಗೆ ಸೋರಿದರೆ ಧ್ವನಿಯು ವಿಕಾರವಾಗುವುದು. ಮುಂದಿನ ವಾಲ್ವನ್ನು ತೆಗೆದು, ಹೆಚ್ಚು ರೋಧವುಳ್ಳ ವೋಲ್ಟ್‌ಮೀಟರಿನಿಂದ ಗ್ರಿಡ್ ರೋಧದ ಮೇಲೆ ಅಳೆದಾಗ ಏಕಮುಖ ವೋಲ್ಟೇಜು ಕಂಡುಬಂದರೆ ಸೋರಿಕೆಯುಂಟೆಂದು ತಿಳಿಯಬೇಕು.

ಮೇಲ್ಮೇರೆಯ ಕಾರಣವು ಬೇರೆ. ಮುಂದಿನ ವಾಲ್ವಿನ ಗ್ರಿಡ್ಡಿಗೂ ಪ್ಲೇಟಿಗೂ ನಡುವೆ 1.7 ಪಿಕೊಫ್ಯಾರಡ್ ಧಾರಣೆಯುಂಟು. ಗ್ರಿಡ್ಡು ಒಂದು ವೋಲ್ಟು ಏರಿದಾಗ ಪ್ಲೇಟು 57 ವೋಲ್ಟು ಇಳಿಯುವುದರಿಂದ, ಈ ಅಲ್ಪ ಧಾರಣೆಯು 58 ಮಡಿಯಾಗಿ, ಸುಮಾರು 99 ಪಿಕೊಫ್ಯಾರಡಿನಂತೆ ವರ್ತಿಸುವುದು. 1920ರಲ್ಲಿ ಇದನ್ನು ವಿವರಿಸಿದ ಜಾನ್ ಮಿಲ್ಲರನ ಹೆಸರಿನಿಂದಲೇ ಈ ಪರಿಣಾಮವು ಪ್ರಸಿದ್ಧವಾಗಿದೆ. ತಂತಿ ಮೊದಲಾದವುಗಳ ಧಾರಣೆಯೂ ಸೇರಿ ಒಟ್ಟು 120 ಎಂದಿಟ್ಟುಕೊಂಡರೆ, ಮೂರು ರೋಧಗಳು ಸಮಾನಾಂತರವಾಗಿ ಕೂಡಿದ 35,600 ಓಮಿನೊಡನೆ ಮೇಲ್ಮೇರೆಯು ಸುಮಾರು 37,000 ಹರ್ಟ್ಸ್ ಆಗುವುದು.

ಆದುದರಿಂದ ನಡುವಣ ಧಾರಕವನ್ನು ಹಿಗ್ಗಿಸಿ ಮೇಲ್ಮೇರೆಯನ್ನು ಏರಿಸಲಾಗದು. ಪ್ಲೇಟಿನ ರೋಧವನ್ನು 47,000 ಓಮಿಗೆ ಇಳಿಸಿದರೆ ಅದು ಸುಮಾರು 52,000ಕ್ಕೆ ಏರುವುದು. ಆದರೆ ವರ್ಧನೆಯು 41ಕ್ಕೆ ತಗ್ಗುವುದು. ಕಾಣದ ಧಾರಣೆಯ ಅಂದಾಜು ಸರಿಯೇ ಎಂಬುದನ್ನು ಪರೀಕ್ಷಿಸಲು ಮೊದಲಿನ ರೋಧವನ್ನೇ ಇಟ್ಟು, ಗ್ರಿಡ್ಡಿನಿಂದ ಭೂಮಿಗೆ 120 ಪಿಕೊಫ್ಯಾರಡಿನ ಧಾರಕವನ್ನು ಜೋಡಿಸಬೇಕು. ಅಂದಾಜು ಸರಿಯಾಗಿದ್ದರೆ ಮೇಲ್ಮೇರೆಯು ಅರ್ಧಕ್ಕಿಳಿಯುವುದು, ಕೆಳಮೇರೆಯು ಕದಲದು.