ಮೆಂಟೇನೆನ್ಸ್ ಬಾಕಿಗೆ ಒಂದು ಪತ್ರ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದು ಮಾಮೂಲಿ ಜಗಳ. ಬಾಡಿಗೆ ತಪ್ಪದೆ ಬರುತ್ತದೆ, ಮೆಂಟೇನೆನ್ಸ್ ಮಾತ್ರ ಬರುವುದಿಲ್ಲ. ಕರಾರಿನಲ್ಲಿ ಅದನ್ನು ಬಾಡಿಗೆದಾರರೇ ಕಟ್ಟಬೇಕೆಂದು ಬರೆದಿದ್ದರೂ ಅಸೋಸಿಯೇಷನ್ನಿನವರು ಫೋನು ಮಾಡುವುದು ಮಾಲೀಕರಿಗೆ. ಅವರ ಲೆಕ್ಕದಲ್ಲಿ ಸದಸ್ಯರು ಮಾಲೀಕರೇ. ಬಾಡಿಗೆದಾರರು ಕಟ್ಟದಿದ್ದರೆ ಬಾಕಿ ಉಳಿಯುವುದು ಮನೆಯ ಹೆಸರಿನಲ್ಲಿ. ಆದ್ದರಿಂದ ಬಾಡಿಗೆದಾರರಿಗೆ ಪತ್ರ ಬರೆಯಬೇಕಾದವರು ಮಾಲೀಕರೇ ಹೊರತು ಅಸೋಸಿಯೇಷನ್ ಅಲ್ಲ.

ಬರೆಯುವ ಮೊದಲು ಲೆಕ್ಕ ಸರಿಮಾಡಿಕೊಳ್ಳಬೇಕು. ಪತ್ರಗಳು ಎಡವುವುದು ಹೆಚ್ಚಾಗಿ ಇಲ್ಲೇ. ಒಂದು ಉದಾಹರಣೆ ನೋಡೋಣ. 1,200 ಚದರಡಿಯ ಮನೆ, ಚದರಡಿಗೆ 4 ರೂಪಾಯಿಯಂತೆ ತಿಂಗಳಿಗೆ 4,800. ಏಪ್ರಿಲ್‌ನಿಂದ ಜುಲೈವರೆಗಿನ ನಾಲ್ಕು ತಿಂಗಳಿಗೆ 19,200 ಆಯಿತು. ಆದರೆ ಅಸೋಸಿಯೇಷನ್ ಮಾಲೀಕರಿಗೆ ಕಳಿಸಿದ ಬಿಲ್ಲಿನಲ್ಲಿ 26,000 ಎಂದಿದೆ. ಸಿಂಕಿಂಗ್ ಫಂಡಿನ 6,000, ತಡಮಾಡಿದ್ದಕ್ಕೆ ದಂಡ 800 ಅದರೊಳಗೆ ಸೇರಿಕೊಂಡಿವೆ. ಲಿಫ್ಟು, ಕಾವಲು, ಕಸಗುಡಿಸುವವರು, ಜನರೇಟರಿನ ಡೀಸೆಲ್ಲು, ನೀರಿನ ಟ್ಯಾಂಕರು ಇವುಗಳ ಅನುಕೂಲ ಮನೆಯಲ್ಲಿ ಇರುವವರಿಗೆ. ಹತ್ತು ವರ್ಷದ ಮೇಲೆ ಲಿಫ್ಟು ಬದಲಿಸಲು ಕೂಡಿಡುವ ದುಡ್ಡು ಮಾತ್ರ ಮಾಲೀಕರ ಆಸ್ತಿಗೆ ಸೇರಿದ್ದು. ಕರಾರಿನಲ್ಲಿ ‘ತಿಂಗಳ ಮೆಂಟೇನೆನ್ಸ್’ ಎಂದಷ್ಟೇ ಇದ್ದರೆ ಆ 6,000 ಕೇಳುವುದು ನ್ಯಾಯವಲ್ಲ. ದಂಡದ ಬಗ್ಗೆ ಕರಾರು ಏನೂ ಹೇಳದಿದ್ದರೆ ಅದನ್ನೂ ಬಿಡುವುದೇ ಮೇಲು. 800 ರೂಪಾಯಿಯ ಆಸೆಗೆ ಇಡೀ ಪತ್ರದ ಮೇಲೆ ತಕರಾರು ಎಳೆದುಕೊಳ್ಳಬೇಕಿಲ್ಲ. ಬಾಡಿಗೆದಾರರು ಮೇ ತಿಂಗಳಲ್ಲಿ ಮೆಂಟೇನೆನ್ಸ್ ಬಾಬ್ತು 5,000 ಕೊಟ್ಟಿದ್ದರು ಅನ್ನಿ. ಹಾಗಾದರೆ ಕೇಳಬೇಕಾದದ್ದು 14,200, ಅಷ್ಟೇ.

ಇನ್ನೊಂದು ಎಚ್ಚರ. ಅವರು ‘ಜೂನ್ ಬಾಡಿಗೆ’ ಎಂದು ನಮೂದಿಸಿ ಹಾಕಿದ ಹಣವನ್ನು ಮೆಂಟೇನೆನ್ಸಿಗೆ ಮುರಿದುಕೊಂಡು, ಆಮೇಲೆ ‘ಬಾಡಿಗೆ ಬಾಕಿ’ ಎಂದು ನೋಟಿಸು ಕೊಡುವಂತಿಲ್ಲ. ಹಣ ಕೊಡುವವರು ಇಂಥದ್ದಕ್ಕೆಂದು ಹೇಳಿಕೊಟ್ಟಿದ್ದನ್ನು ಪಡೆದುಕೊಂಡ ಮೇಲೆ ಅದಕ್ಕೇ ಜಮಾ ಮಾಡಬೇಕು. 1872ರ ಕರಾರು ಕಾಯಿದೆಯ 59ನೇ ಕಲಮು ಇದನ್ನೇ ಹೇಳುತ್ತದೆ.

ಪತ್ರ ಉದ್ದವಾಗಬೇಕಿಲ್ಲ:

“ಮಾನ್ಯರೇ, ನಮ್ಮ ಬಾಡಿಗೆ ಕರಾರಿನ 7ನೇ ಷರತ್ತಿನಂತೆ ತಿಂಗಳ ಮೆಂಟೇನೆನ್ಸನ್ನು ತಾವು ಅಸೋಸಿಯೇಷನ್ನಿಗೆ ನೇರವಾಗಿ ಕಟ್ಟಬೇಕು. ಏಪ್ರಿಲ್‌ನಿಂದ ಜುಲೈವರೆಗೆ ತಿಂಗಳಿಗೆ ರೂ. 4,800ರಂತೆ ರೂ. 19,200 ಆಗಿದ್ದು, ತಾವು ಮೇ ತಿಂಗಳಲ್ಲಿ ಕೊಟ್ಟ ರೂ. 5,000 ಕಳೆದು ರೂ. 14,200 ಬಾಕಿ ಇದೆ. ಬಿಲ್ಲುಗಳ ಪ್ರತಿ ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ 15 ದಿನದೊಳಗೆ ಬಾಕಿ ಕಟ್ಟಿ ರಸೀದಿ ಕಳಿಸಬೇಕಾಗಿ ಕೋರುತ್ತೇನೆ. ಲೆಕ್ಕದಲ್ಲಿ ತಪ್ಪಿದ್ದರೆ ಅದೇ ಅವಧಿಯಲ್ಲಿ ತಿಳಿಸಿ.”

‘ಮುಂದಿನ ಕ್ರಮಕ್ಕೆ ನೀವೇ ಹೊಣೆ’ ಎಂಬ ಗುಡುಗು ಮೊದಲ ಪತ್ರದಲ್ಲೇ ಬೇಡ. ಷರತ್ತಿನ ಸಂಖ್ಯೆ, ತಿಂಗಳುಗಳು, ಮೊತ್ತ, ಗಡುವು ಇದ್ದರೆ ಸಾಕು. ಕರಾರಿನ ಷರತ್ತು ಮುರಿದದ್ದಕ್ಕೆ ಮನೆ ಬಿಡಿಸುವ ಮಟ್ಟಕ್ಕೆ ಹೋದರೂ, ಯಾವ ಷರತ್ತು ಮುರಿದಿದೆ ಎಂದು ಲಿಖಿತವಾಗಿ ತಿಳಿಸಿ, ಸರಿಪಡಿಸಲು ಅವಕಾಶ ಕೊಟ್ಟಿರಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಕೇಳುತ್ತದೆ. ಅಂದು ಕೆಲಸಕ್ಕೆ ಬರುವುದು ಇದೇ ಸರಳ ಪತ್ರ. ಕರ್ನಾಟಕ ಬಾಡಿಗೆ ಕಾಯಿದೆ, 1999ರಲ್ಲಿ ಬಾಕಿ ತೀರಿಸಲು ಎರಡು ತಿಂಗಳ ಅವಕಾಶವಿದೆ ನಿಜ. ಆದರೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಆ ಕಾಯಿದೆ ಅನ್ವಯಿಸುವುದಿಲ್ಲ. ಅಪಾರ್ಟ್‌ಮೆಂಟುಗಳು ಬಹುಪಾಲು ಅದರ ಹೊರಗೇ ಉಳಿಯುತ್ತವೆ. ಪತ್ರವನ್ನು ವಾಟ್ಸಾಪಿನಲ್ಲಿ ಕಳಿಸಿ, ಜೊತೆಗೆ ಅಂಚೆಯಲ್ಲೂ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ.

ಉತ್ತರ ಬಹುತೇಕ ಒಂದೇ: “ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ ಸಾರ್.” ಇದಕ್ಕೆ ಒಪ್ಪಬಾರದು. ಮನೆ ಬಿಡುವಾಗ ಬಣ್ಣ, ಕರೆಂಟ್ ಬಿಲ್ಲು, ಮುರಿದ ನಲ್ಲಿ ಎಲ್ಲಕ್ಕೂ ಇರುವುದು ಅದೇ ದುಡ್ಡು. ಹಾಗಂತ ನೀರು, ಕರೆಂಟು ನಿಲ್ಲಿಸಲು ಅಸೋಸಿಯೇಷನ್ನಿಗೆ ಹೇಳುವುದೂ ತಪ್ಪು. ಹಾಗೆ ಮಾಡಿದರೆ ಹಣ ಬರಬೇಕಾದ ಮಾಲೀಕರೇ ದೂರಿಗೆ ಉತ್ತರ ಕೊಡಬೇಕಾಗುತ್ತದೆ. ಅದರ ಬದಲು ಬಾಕಿಯನ್ನು ತಾವೇ ಅಸೋಸಿಯೇಷನ್ನಿಗೆ ಕಟ್ಟಿ, ದಂಡ ಬೆಳೆಯದಂತೆ ತಡೆದು, ಆ ರಸೀದಿ ತೋರಿಸಿ ಬಾಡಿಗೆದಾರರಿಂದ ವಸೂಲು ಮಾಡುವುದು ಜಾಣತನ.

ಹನ್ನೊಂದು ತಿಂಗಳು ಮುಗಿದು ಕರಾರು ಹೊಸದಾಗಿ ಬರೆಯುವಾಗ ಎರಡು ಸಾಲು ಸೇರಿಸಿ: ಸಿಂಕಿಂಗ್ ಫಂಡು ಮಾಲೀಕರದು, ಮೆಂಟೇನೆನ್ಸ್ ತಡವಾದರೆ ಅಸೋಸಿಯೇಷನ್ ಹಾಕುವ ದಂಡ ಬಾಡಿಗೆದಾರರದು.